ಒಂದೇ ಬಿಲ್ಲಿಗೆ ಎರಡು ಸಲ ಕಡಿತ: ಕ್ಷಮೆ ಕೇಳುವ ಪತ್ರದಲ್ಲಿ ಏನಿರಬೇಕು?

ಜೂನ್ 3ರ ಬೆಳಿಗ್ಗೆ ಧಾರವಾಡದ ನಮ್ಮ ಓಣಿಯ ಅಕ್ಕೋರು ಮೊಬೈಲ್ ಹಿಡಿದುಕೊಂಡೇ ಮನೆಗೆ ಬಂದರು. ನಿವೃತ್ತ ಶಿಕ್ಷಕಿಯಾದ ಅವರು ಮೊಮ್ಮಗನ ಓದಿಗೆಂದು ಮನೆಗೆ ಇಂಟರ್ನೆಟ್ ಹಾಕಿಸಿದ್ದಾರೆ. ತಿಂಗಳ ಶುಲ್ಕ 599 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿದರೆ 706 ರೂಪಾಯಿ 82 ಪೈಸೆ. ಅದು ಡೆಬಿಟ್ ಕಾರ್ಡಿನಿಂದ ತಾನಾಗಿಯೇ ಹೋಗುವಂತೆ ಆಟೋ-ಪೇ ಮಾಡಿಸಿದ್ದರು. “ಒಂದ ಬಿಲ್ಲಿಗೆ ಎರಡು ಸಲ ರೊಕ್ಕ ಹೋಗೇದ ನೋಡ್ರಿ” ಎಂದು ಮೊಬೈಲ್ ನನ್ನ ಕೈಗಿತ್ತರು. ಬೆಳಿಗ್ಗೆ 6.10ಕ್ಕೆ ಒಂದು ಎಸ್‌ಎಂಎಸ್, 6.52ಕ್ಕೆ ಇನ್ನೊಂದು. ಎರಡರಲ್ಲೂ ಅದೇ ಕಂಪನಿ, ಅದೇ ಮೊತ್ತ.

ಬ್ಯಾಂಕೊಂದರ ಗ್ರಾಹಕ ವಿಭಾಗದಲ್ಲಿ ಹಲವು ವರ್ಷ ದುಡಿದ ನನಗೆ ಇಂಥ ದೂರು ಹೊಸದಲ್ಲ. ಮೊದಲು ನೋಡಬೇಕಾದದ್ದು ಹಣ ನಿಜವಾಗಿ ಎರಡು ಸಲ ಹೋಗಿದೆಯೇ ಎಂಬುದನ್ನು. ಪ್ರತಿಯೊಂದು ಕಡಿತಕ್ಕೂ ಬ್ಯಾಂಕು ಒಂದು ಉಲ್ಲೇಖ ಸಂಖ್ಯೆ ಕೊಡುತ್ತದೆ. ಎರಡೂ ಎಸ್‌ಎಂಎಸ್‌ಗಳಲ್ಲಿ ಅದೇ ಸಂಖ್ಯೆಯಿದ್ದು ಪಾಸ್‌ಬುಕ್‌ನಲ್ಲಿ ಒಂದೇ ಸಾಲಿದ್ದರೆ, ಎರಡು ಸಲ ಬಂದದ್ದು ಸಂದೇಶವೇ ಹೊರತು ಹಣ ಹೋದದ್ದಲ್ಲ. ಅಕ್ಕೋರ ಎಸ್‌ಎಂಎಸ್‌ಗಳಲ್ಲಿ ಸಂಖ್ಯೆಗಳು ಬೇರೆಬೇರೆ ಇದ್ದವು. ಒಂದರ ಕೊನೆಗೆ 4417, ಇನ್ನೊಂದರ ಕೊನೆಗೆ 5023. ಪಾಸ್‌ಬುಕ್‌ನಲ್ಲೂ ಎರಡು ಸಾಲು ಬಿದ್ದಿದ್ದವು.

ಇಲ್ಲಿ ಇನ್ನೊಂದು ಕವಲಿದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಖಾತೆಯಿಂದ ಹೋದ ಹಣ ಕಂಪನಿಯನ್ನು ತಲುಪದೆ ನಡುವೆ ಸಿಕ್ಕಿಕೊಂಡರೆ ಅದು ವಿಫಲ ಪಾವತಿ. ಅದಕ್ಕೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ರಕ್ಷಣೆಯಿದೆ. ಕಾರ್ಡಿನಿಂದ ಅಥವಾ ಯುಪಿಐಯಿಂದ ವ್ಯಾಪಾರಿಗೆ ಮಾಡಿದ ಪಾವತಿ ಹೀಗೆ ವಿಫಲವಾದರೆ, ವ್ಯವಹಾರ ನಡೆದ ದಿನದ ನಂತರ 5 ದಿನಗಳೊಳಗೆ ಹಣ ತಾನಾಗಿಯೇ ಖಾತೆಗೆ ಮರಳಬೇಕು. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಿಗಬೇಕು. ಆದರೆ ಎರಡೂ ಪಾವತಿ ಯಶಸ್ವಿಯಾಗಿ ಕಂಪನಿಯನ್ನು ತಲುಪಿದ್ದರೆ ಕಥೆ ಬೇರೆ. ಬ್ಯಾಂಕಿನ ಕಣ್ಣಿಗೆ ಅವೆರಡೂ ಸರಿಯಾದ ವ್ಯವಹಾರಗಳೇ, ಹಾಗಾಗಿ ಹಣ ತಾನಾಗಿ ಮರಳುವುದಿಲ್ಲ. ಎರಡನೆಯದು ತಪ್ಪು ಎಂದು ಹೇಳಬಲ್ಲವರು ಬಿಲ್ ಮಾಡಿದವರೇ, ಹಿಂದಿರುಗಿಸಬೇಕಾದವರೂ ಅವರೇ. ಆದ್ದರಿಂದಲೇ ಕಂಪನಿ ಬರೆಯುವ ತಪ್ಪೊಪ್ಪಿಗೆಗೆ ಅಷ್ಟು ಬೆಲೆ. ಬ್ಯಾಂಕಿಗೆ ತೋರಿಸಲು ಚಂದಾದಾರರ ಕೈಯಲ್ಲಿ ಉಳಿಯುವ ಗಟ್ಟಿ ಪುರಾವೆಯೂ ಅದೇ.

ಅಕ್ಕೋರಿಗೆ ಅದೇ ಸಂಜೆ ಕಂಪನಿಯಿಂದ ಸಂದೇಶವೇನೋ ಬಂತು. “ತಾಂತ್ರಿಕ ಕಾರಣಗಳಿಂದ ಕೆಲವು ಗ್ರಾಹಕರ ಖಾತೆಯಿಂದ ಹೆಚ್ಚುವರಿ ಮೊತ್ತ ಕಡಿತವಾಗಿರುತ್ತದೆ. ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಮೊತ್ತವನ್ನು ಶೀಘ್ರದಲ್ಲಿ ಹಿಂದಿರುಗಿಸಲಾಗುವುದು.”

ಅಕ್ಕೋರು ಅದನ್ನು ಎರಡು ಸಲ ಓದಿ, “ಇದರಾಗ ನನ್ನ ಹೆಸರೂ ಇಲ್ಲ, ನನ್ನ ರೊಕ್ಕಾನೂ ಇಲ್ಲ” ಎಂದರು. ನಲವತ್ತು ಮಕ್ಕಳ ಉತ್ತರಪತ್ರಿಕೆಗಳನ್ನು ಒಂದೊಂದಾಗಿ ತಿದ್ದಿದ ಕಣ್ಣು ತಪ್ಪನ್ನು ಸರಿಯಾಗಿ ಹಿಡಿದಿತ್ತು. “ಕೆಲವು ಗ್ರಾಹಕರು” ಎಂದರೆ ತಾನು ಅದರಲ್ಲಿ ಸೇರಿದ್ದೇನೆಯೇ ಎಂದು ಓದುವವರಿಗೆ ತಿಳಿಯದು. “ಹೆಚ್ಚುವರಿ ಮೊತ್ತ” ಎಂದರೆ ಎಷ್ಟು ಎಂದು ತಿಳಿಯದು. “ಶೀಘ್ರದಲ್ಲಿ” ಎಂಬುದಕ್ಕೆ ಕ್ಯಾಲೆಂಡರಿನಲ್ಲಿ ಜಾಗವಿಲ್ಲ. “ಕಡಿತವಾಗಿರುತ್ತದೆ”, “ಹಿಂದಿರುಗಿಸಲಾಗುವುದು” ಎಂಬ ಕ್ರಿಯಾಪದಗಳಿಗೆ ಕರ್ತೃವೇ ಇಲ್ಲ. ಕಡಿತ ಮಾಡಿದವರು ಯಾರು, ಹಿಂದಿರುಗಿಸುವವರು ಯಾರು ಎಂಬುದು ವಾಕ್ಯದೊಳಗೇ ಮರೆಯಾಗಿದೆ. ಇನ್ನು ವಿಷಾದ. ಮಳೆಯಿಂದ ರಸ್ತೆ ಹಾಳಾದರೂ ವಿಷಾದಿಸಬಹುದು, ಪರರ ಕಷ್ಟ ಕಂಡೂ ವಿಷಾದಿಸಬಹುದು. ತಾನು ಮಾಡಿದ ತಪ್ಪಿಗೆ ಕನ್ನಡದಲ್ಲಿ ಇರುವ ಮಾತು “ತಪ್ಪು ನಮ್ಮದು, ಕ್ಷಮಿಸಿ” ಎಂಬುದು.

ಈ ತಪ್ಪು ಹೇಗೆ ಆಯಿತೆಂಬುದು ನಾವು ಪತ್ರ ಬರೆದು ಕೇಳಿದ ಮೇಲೆ ಗೊತ್ತಾಯಿತು. ಬೆಳಿಗ್ಗೆ 6ರ ಹೊತ್ತಿಗೆ ಕಂಪನಿಯ ಬಿಲ್ಲಿಂಗ್ ಕಂಪ್ಯೂಟರ್ ಆ ದಿನದ ಆಟೋ-ಪೇ ಪಟ್ಟಿಯನ್ನು ಪೇಮೆಂಟ್ ಗೇಟ್‌ವೇಗೆ ಕಳಿಸಿದೆ. ಹಣ ಕಡಿತವಾಯಿತು, ಆದರೆ “ಆಯಿತು” ಎಂಬ ಉತ್ತರ ಸಮಯಕ್ಕೆ ಹಿಂದಿರುಗಲಿಲ್ಲ. ಉತ್ತರವಿಲ್ಲದ್ದನ್ನು ವಿಫಲವೆಂದು ತಿಳಿದು ಸಿಬ್ಬಂದಿ ಅದೇ ಪಟ್ಟಿಯನ್ನು ಹೊಸ ಆರ್ಡರ್ ಸಂಖ್ಯೆಗಳೊಂದಿಗೆ ಮತ್ತೆ ಓಡಿಸಿದರು. ಹಳೆಯ ಸಂಖ್ಯೆಯಲ್ಲೇ ಕಳಿಸಿದ್ದರೆ, ಅದನ್ನು ಪರಿಶೀಲಿಸುವ ಗೇಟ್‌ವೇ ಇದು ಆಗಲೇ ಬಂದ ಕೋರಿಕೆ ಎಂದು ಗುರುತಿಸಿ ತಡೆಯುತ್ತಿತ್ತು. ಸಂಖ್ಯೆ ಹೊಸದಾದ್ದರಿಂದ ಹೊಸ ಬಿಲ್ಲೆಂದೇ ಪರಿಗಣಿಸಿತು. ಇಂಥ ಆಟೋ-ಪೇಯಲ್ಲಿ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಮೊತ್ತ, ದಿನಾಂಕ ತಿಳಿಸುವ ಮುನ್ಸೂಚನೆ ಬರಬೇಕೆಂಬ ನಿಯಮವಿದೆ. ಅಕ್ಕೋರಿಗೆ ಮುನ್ಸೂಚನೆ ಒಂದೇ ಬಂದಿತ್ತು. ಒಂದು ಮುನ್ಸೂಚನೆ, ಒಂದು ಬಿಲ್, ಎರಡು ಕಡಿತ. ದೂರಿಗೆ ಇಷ್ಟು ಸಾಕಾಯಿತು.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಅಕ್ಕೋರು ಬಿಲ್ಲುಗಳಿಗೆಂದೇ ಇಟ್ಟಿರುವ ಆ ಖಾತೆಯಲ್ಲಿ ತಿಂಗಳ ಆರಂಭಕ್ಕೆ 3,900 ರೂಪಾಯಿ ಇತ್ತು. ಜೂನ್ 5ಕ್ಕೆ ಫ್ರಿಜ್ಜಿನ ಸಾಲದ ಕಂತು 2,600 ರೂಪಾಯಿ ಹೋಗಬೇಕಿತ್ತು. ಒಂದೇ ಸಲ ಕಡಿತವಾಗಿದ್ದರೆ 3,193 ರೂಪಾಯಿ ಉಳಿದು ಕಂತು ಸಲೀಸಾಗಿ ಹೋಗುತ್ತಿತ್ತು. ಎರಡನೆಯ ಕಡಿತದಿಂದ ಉಳಿದದ್ದು 2,486 ರೂಪಾಯಿ. ನೂರು ಚಿಲ್ಲರೆ ರೂಪಾಯಿ ಕಡಿಮೆಬಿದ್ದು ಕಂತು ಬೌನ್ಸ್ ಆಯಿತು. ಬ್ಯಾಂಕು ತನ್ನ ದರದಂತೆ 250 ರೂಪಾಯಿ ಶುಲ್ಕ, ಅದರ ಮೇಲೆ ಜಿಎಸ್‌ಟಿ ಸೇರಿಸಿ 295 ರೂಪಾಯಿ ಹಾಕಿತು. ಈಗ ಕಂಪನಿ 706 ರೂಪಾಯಿ ಕೊಟ್ಟುಬಿಟ್ಟರೆ ಲೆಕ್ಕ ಚುಕ್ತಾ ಆಗುವುದಿಲ್ಲ. 295 ರೂಪಾಯಿ ಅಕ್ಕೋರ ತಲೆಯ ಮೇಲೇ ಉಳಿಯುತ್ತದೆ, ಸಾಲ ಕೊಟ್ಟವರ ಪುಸ್ತಕದಲ್ಲಿ ಒಂದು ಕಂತು ತಪ್ಪಿದ ಗುರುತೂ ಉಳಿಯುತ್ತದೆ. ನನ್ನ ಅನುಭವದಲ್ಲಿ ಕಂಪನಿಗಳು ಬರೆಯುವ ಕ್ಷಮಾಪಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಈ ಎರಡನೆಯ ಸುತ್ತಿನ ನಷ್ಟವೇ.

ನಾವು ಕಂಪನಿಗೆ ಬರೆದ ಪತ್ರದಲ್ಲಿ ಇದನ್ನೆಲ್ಲ ಸಾಲುಸಾಲಾಗಿ ಇಟ್ಟೆವು. ಎರಡೂ ಉಲ್ಲೇಖ ಸಂಖ್ಯೆ, ಬಿಲ್ ಸಂಖ್ಯೆ, ಪಾಸ್‌ಬುಕ್ ಪುಟದ ಫೋಟೊ, ಬೌನ್ಸ್ ಶುಲ್ಕದ ಸಾಲು. ಜೂನ್ 6ರಂದು ಬಂದ ಉತ್ತರ ಮೊದಲಿನದರಂತಿರಲಿಲ್ಲ. ಅಕ್ಕೋರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಅದನ್ನಿಲ್ಲಿ ಕೊಡುತ್ತಿದ್ದೇನೆ:

“ಮಾನ್ಯರೇ, ಜೂನ್ ತಿಂಗಳ ಒಂದೇ ಬಿಲ್ಲಿಗೆ ನಾವು ನಿಮ್ಮ ಖಾತೆಯಿಂದ ಜೂನ್ 3ರಂದು ಎರಡು ಸಲ ತಲಾ ₹706.82 ತೆಗೆದುಕೊಂಡಿದ್ದೇವೆ. ತಪ್ಪು ನಮ್ಮದು, ನಿಮ್ಮ ಬ್ಯಾಂಕಿನದಲ್ಲ. ದಯವಿಟ್ಟು ಕ್ಷಮಿಸಿ. 4417ರಲ್ಲಿ ಕೊನೆಗೊಳ್ಳುವ ಪಾವತಿ ನಿಮ್ಮ ಬಿಲ್ಲಿಗೆ ಜಮಾ ಆಗಿದೆ, ನಿಮ್ಮ ಸಂಪರ್ಕ ಎಂದಿನಂತೆ ಮುಂದುವರಿಯುತ್ತದೆ. 5023ರಲ್ಲಿ ಕೊನೆಗೊಳ್ಳುವ ಪಾವತಿಯನ್ನು ಇಂದು ಹಿಂದಿರುಗಿಸಿದ್ದೇವೆ. ಅದು ಜೂನ್ 13ರೊಳಗೆ ಅದೇ ಕಾರ್ಡಿನ ಖಾತೆಗೆ ಬಂದು ಸೇರಬೇಕು. ಈ ಕಡಿತದಿಂದ ನಿಮಗೆ ಬಿದ್ದ ಬೌನ್ಸ್ ಶುಲ್ಕ ₹295ನ್ನೂ ನಾವೇ ಕೊಡುತ್ತೇವೆ. ಸಾಲ ನೀಡಿದ ಸಂಸ್ಥೆಗೆ ತೋರಿಸಲು ತಪ್ಪು ನಮ್ಮದೆಂಬ ಪತ್ರವನ್ನು ಇದರೊಂದಿಗೆ ಇಟ್ಟಿದ್ದೇವೆ. ಹಣ ಪಡೆಯಲು ನೀವು ಏನನ್ನೂ ಮಾಡಬೇಕಿಲ್ಲ. ಒಟಿಪಿ, ಪಿನ್, ಕಾರ್ಡ್ ಸಂಖ್ಯೆಯನ್ನು ನಾವು ಕೇಳುವುದಿಲ್ಲ.”

ಇದರಲ್ಲಿ ಅಲಂಕಾರವಿಲ್ಲ, ಆದರೂ ಪ್ರತಿ ವಾಕ್ಯಕ್ಕೂ ಕೆಲಸವಿದೆ. ಯಾವ ಪಾವತಿ ಉಳಿಯಿತು, ಯಾವುದು ಮರಳುತ್ತದೆ ಎಂದು ಬಿಡಿಸಿ ಹೇಳದಿದ್ದರೆ ಸಂಪರ್ಕ ಕಡಿತವಾದೀತೆಂದು ಹೆದರಿ ಮೂರನೆಯ ಸಲ ಹಣ ಕಟ್ಟುವವರಿದ್ದಾರೆ. “ಅದೇ ಖಾತೆಗೆ” ಎಂಬ ಮಾತಿಗೂ ಕಾರಣವಿದೆ. ಮುಂದಿನ ತಿಂಗಳ ಬಿಲ್ಲಿಗೆ ಹೊಂದಿಸುತ್ತೇವೆ ಎಂದರೆ ಕಂಪನಿಗೆ ಸುಲಭ, ಆದರೆ ಖಾತೆಯಲ್ಲಿ ಬಿದ್ದ ಗುಂಡಿ ಒಂದು ತಿಂಗಳು ಹಾಗೇ ಇರುತ್ತದೆ. ದಿನಾಂಕವನ್ನು ಬರೆದದ್ದರಿಂದ ಕಾಯುವವರಿಗೂ ಒಂದು ಮಿತಿ ಸಿಕ್ಕಿತು. ಕಾರ್ಡಿನ ಹಣ ಹಿಂದಿರುಗಲು ಸಾಮಾನ್ಯವಾಗಿ ಐದರಿಂದ ಏಳು ಕೆಲಸದ ದಿನ ಬೇಕು. ಆ ನಡುವೆ ಬ್ಯಾಂಕಿನಲ್ಲೂ ದೂರು ಹಾಕಿದರೆ ಒಂದೇ ಹಣ ಎರಡು ದಾರಿಯಿಂದ ಬಂದು, ಮತ್ತೆ ಒಂದನ್ನು ಹಿಂಪಡೆಯುವ ಹೊಸ ಗೊಂದಲ ಶುರುವಾಗುತ್ತದೆ. ಕೊಟ್ಟ ದಿನಾಂಕ ದಾಟಿದರೆ ಮಾತ್ರ ಕಾಯದೆ ಬ್ಯಾಂಕಿಗೆ ಈ ಪತ್ರದೊಂದಿಗೆ ದೂರು ಕೊಡಬೇಕು. ಕಂಪನಿಯೇ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನ ಕಳೆದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಾಗಿಲು ತೆರೆದಿರುತ್ತದೆ.

ಪತ್ರದ ಕೊನೆಯ ಎರಡು ವಾಕ್ಯಗಳು ಇಂದಿನ ದಿನಗಳಲ್ಲಿ ತುಂಬಾ ಮುಖ್ಯ. “ನಿಮ್ಮ ಹಣ ಎರಡು ಸಲ ಕಡಿತವಾಗಿದೆ, ವಾಪಸ್ ಪಡೆಯಲು ಈ ಲಿಂಕ್ ಒತ್ತಿ” ಎಂಬ ಬಲೆಯನ್ನು ವಂಚಕರೂ ಬೀಸುತ್ತಾರೆ. ನಿಜವಾದ ಮರುಪಾವತಿ ಹೋದ ದಾರಿಯಲ್ಲೇ ಹಿಂದೆ ಬರುತ್ತದೆ, ಅದಕ್ಕೆ ಗ್ರಾಹಕರು ಒಟಿಪಿಯನ್ನೋ ಪಿನ್ನನ್ನೋ ಕೊಡಬೇಕಿಲ್ಲ. ಯುಪಿಐ ಪಿನ್ ಒತ್ತಿ ಕೊಟ್ಟ ಒಪ್ಪಿಗೆಯಿಂದ ಹಣ ಖಾತೆಯಿಂದ ಹೊರಹೋಗುತ್ತದೆ, ಒಳಗೆ ಬರುವುದಿಲ್ಲ. ಯಾರಾದರೂ ಬಲೆಗೆ ಬಿದ್ದಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಸರಿಪಡಿಸುವ ಕೆಲಸ ಒಂದು ಪತ್ರಕ್ಕೆ ಮುಗಿಯುವುದೂ ಇಲ್ಲ. ಜೂನ್ 7ರಂದು ಕಂಪನಿ ಇನ್ನೊಂದು ಪುಟ್ಟ ಸಂದೇಶ ಕಳಿಸಿತು. ಅದರಲ್ಲಿದ್ದದ್ದು ಎಆರ್‌ಎನ್ ಎಂಬ 23 ಅಂಕಿಗಳ ಸಂಖ್ಯೆ. ಕಾರ್ಡಿನ ಮರುಪಾವತಿ ಎಲ್ಲಿದೆ ಎಂದು ಗ್ರಾಹಕರ ಬ್ಯಾಂಕು ಹುಡುಕಬೇಕಾದರೆ ಕೇಳುವುದು ಇದನ್ನೇ. ಇದು ಕೈಯಲ್ಲಿದ್ದರೆ “ನಮ್ಮಲ್ಲಿ ಬಂದಿಲ್ಲ, ಕಂಪನಿಯನ್ನು ಕೇಳಿ” ಎಂದು ಕೌಂಟರಿನಿಂದ ಕೌಂಟರಿಗೆ ಅಲೆಯುವುದು ತಪ್ಪುತ್ತದೆ. ಹಿಂದಿರುಗಿಸಿದ್ದೇವೆ ಎಂದು ಹೇಳುವ ಕಂಪನಿಯಿಂದ ಕೇಳಿ ಪಡೆಯಬೇಕಾದದ್ದು ಈ ಸಂಖ್ಯೆ.

ಜೂನ್ 11ಕ್ಕೆ 706 ರೂಪಾಯಿ 82 ಪೈಸೆ ಜಮಾ ಆಯಿತು, 14ಕ್ಕೆ 295 ರೂಪಾಯಿ. ಸಾಲ ಕೊಟ್ಟವರು ಕಂಪನಿಯ ಪತ್ರ ನೋಡಿ ದಂಡ ಬಿಟ್ಟರು. ಅಕ್ಕೋರು ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂತರು. 5023ರ ಸಾಲಿನ ಮುಂದೆ ಪೆನ್ಸಿಲಿನಿಂದ “11ಕ್ಕೆ ಬಂತು” ಎಂದೂ, ಬೌನ್ಸ್ ಶುಲ್ಕದ ಸಾಲಿನ ಮುಂದೆ “14ಕ್ಕೆ ಬಂತು” ಎಂದೂ ಬರೆದರು. ಆಮೇಲೆ ಕಂಪನಿಯ ಎರಡನೆಯ ಪತ್ರವನ್ನು ಮಡಚಿ ಅದೇ ಪುಟದ ನಡುವೆ ಇಟ್ಟರು.