ಚೊಗರಿನಿಂದ ಶುರುವಾಗುವ ಪತ್ರ

ಮಾರ್ಚ್ 8 ಹತ್ತಿರ ಬಂತೆಂದರೆ ಜಿಲ್ಲಾ ಪತ್ರಿಕೆಯ ಸಂಪಾದಕರಿಗೆ ಒಂದೇ ಅಚ್ಚಿನ ಪತ್ರಗಳು ಬರತೊಡಗುತ್ತವೆ: ‘ನಮ್ಮೂರಿನ ಮಹಿಳಾ ಸಹಕಾರ ಸಂಘ ಎಲ್ಲರಿಗೂ ಮಾದರಿ. ದಯವಿಟ್ಟು ಲೇಖನ ಪ್ರಕಟಿಸಿ.’ ಓದಿದ ಸಂಪಾದಕರು ‘ಜಾಹೀರಾತು ವಿಭಾಗದವರನ್ನು ಕೇಳಿ’ ಅಂದರೆ ಪತ್ರ ಸೋತಿತೆಂದೇ ಅರ್ಥ. ಸಂಘವಿದೆ ಅನ್ನುವುದು ಬರೀ ವಿಷಯ. ಅವರಿಗೆ ಬೇಕಾದದ್ದು ಕಥೆ.

ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ, ಭೀಮನಕೋಣೆಯಲ್ಲಿರುವ ‘ಚರಕ’ವನ್ನೇ ತೆಗೆದುಕೊಳ್ಳಿ. ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ ಹುಟ್ಟಿದ ಈ ಮಹಿಳಾ ಸಹಕಾರ ಸಂಘದಲ್ಲಿ ಸುತ್ತಲಿನ ಹಳ್ಳಿಗಳ ಹೆಂಗಸರು ನೇಯುತ್ತಾರೆ, ನೈಸರ್ಗಿಕ ಬಣ್ಣ ಹಾಕುತ್ತಾರೆ, ಹೊಲಿಯುತ್ತಾರೆ. ಇದರ ಬಗ್ಗೆ ನಾನು ಪತ್ರ ಬರೆಯುವುದಾದರೆ ಹೀಗೆ ಬರೆದೇನು:

‘ಮಾನ್ಯರೇ, ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರು ಚರಕದ ಹೆಂಗಸರ ಕೈಯಲ್ಲಿ ಬಟ್ಟೆಯ ಬಣ್ಣವಾಗುತ್ತದೆ. ಈ ಸಲದ ಕೊನೆಕೊಯ್ಲಿನ ಹೊತ್ತಿಗೆ, ಚೊಗರು ಹಂಡೆಯಿಂದ ಹೊರಟು ಜುಬ್ಬವಾಗುವವರೆಗಿನ ದಾರಿಯನ್ನು 700 ಪದಗಳಲ್ಲಿ ಬರೆಯಬಲ್ಲೆ. ಅಡಿಕೆ ಬೆಳೆಗಾರರು, ಬಣ್ಣ ಹಾಕುವವರು, ನೇಯುವವರು ಮೂವರನ್ನೂ ಮಾತಾಡಿಸುವೆ. ನೇಯ್ದವರಿಗೆ ಸಿಗುವ ಕೂಲಿ ಎಷ್ಟು, ಮಾರಾಟವಾಗದೆ ಉಳಿಯುವ ಬಟ್ಟೆ ಎಷ್ಟು ಅಂತಲೂ ಕೇಳುವೆ. ನಾಲ್ಕು ಫೋಟೊ ಕೊಡುವೆ. ಸಂಘಕ್ಕೂ ನನಗೂ ವ್ಯವಹಾರದ ನಂಟಿಲ್ಲ.’

ಇಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಚೊಗರನ್ನು ಮಲೆನಾಡಿನ ಓದುಗರು ನೋಡಿಯೇ ಇರುತ್ತಾರೆ, ಅದು ಜುಬ್ಬವಾಗುವುದನ್ನು ನೋಡಿರಲಿಕ್ಕಿಲ್ಲ. ‘ಈಗಲೇ ಯಾಕೆ?’ ಅನ್ನುವ ಪ್ರಶ್ನೆಗೆ ಕೊಯ್ಲೇ ಉತ್ತರ. ಹಾಗಾಗಿ ಒಲೆ ಹತ್ತುವುದಕ್ಕೆ ಮೂರ್ನಾಲ್ಕು ವಾರ ಮೊದಲೇ ಪತ್ರ ತಲುಪಬೇಕು. ಹಂಡೆ ತಣ್ಣಗಾದ ಮೇಲೆ ಬರೆದರೆ ಫೋಟೊಗೆ ಮುಂದಿನ ವರ್ಷದವರೆಗೆ ಕಾಯಬೇಕಾಗುತ್ತದೆ.

ಕೂಲಿಯ ಮಾತು ಸುಮ್ಮನೆ ಬಂದದ್ದಲ್ಲ. ಕೋವಿಡ್ ಬಂದ 2020ರಲ್ಲಿ ಬಟ್ಟೆ ಮಾರಾಟವಾಗದೆ ಚರಕ ಸಂಕಷ್ಟಕ್ಕೆ ಸಿಕ್ಕಿತ್ತು, ಅದು ಪತ್ರಿಕೆಗಳಲ್ಲೂ ಬಂದಿತ್ತು. ಅದನ್ನು ಮುಚ್ಚಿಟ್ಟು ಬರೀ ಯಶೋಗಾಥೆ ಹೇಳಿದರೆ, ಈತ ಸಂಘದ ಪರ ವಕಾಲತ್ತು ವಹಿಸಿ ಬಂದಿದ್ದಾನೆ ಎಂದು ಸಂಪಾದಕರಿಗೆ ಅನ್ನಿಸುತ್ತದೆ. ಬರೆಯುವವರು ಸಂಘದ ಸದಸ್ಯರೋ ನೆಂಟರೋ ಆಗಿದ್ದರೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಗ ಪತ್ರಿಕೆ ತನ್ನ ವರದಿಗಾರರನ್ನು ಕಳಿಸಬಹುದು.

ಯಾವ ಸಂಘದ ಬಗ್ಗೆ ಬರೆದರೂ ‘ಮಹಿಳೆಯರೇ ನಡೆಸುವ’ ಎಂಬ ಮಾತನ್ನು ಪತ್ರ ಕಳಿಸುವ ಮೊದಲು ಪರೀಕ್ಷಿಸಬೇಕು. ಫಲಕದ ಮೇಲೆ ಅಧ್ಯಕ್ಷೆಯ ಹೆಸರಿದ್ದು, ವ್ಯವಹಾರವೆಲ್ಲ ಅವರ ಗಂಡನ ಕೈಯಲ್ಲಿರುವ ಸಂಘಗಳೂ ಇವೆ. ಚೆಕ್‌ಗೆ ಸಹಿ ಹಾಕುವವರು ಯಾರು, ದರ ನಿಗದಿ ಮಾಡುವವರು ಯಾರು ಅಂತ ಕೇಳಿ. ವಾರ್ಷಿಕ ಮಹಾಸಭೆಯ ವರದಿ ಸಿಕ್ಕರೆ ಓದಿ, ಲಾಭ ನಷ್ಟ ಎರಡೂ ಅದರಲ್ಲಿರುತ್ತವೆ. ನೀವು ಕೇಳಿದ್ದಕ್ಕೆಲ್ಲ ಅಧ್ಯಕ್ಷೆಯ ಬದಲು ಪಕ್ಕದಲ್ಲಿ ಕೂತವರೇ ಉತ್ತರ ಕೊಡುತ್ತಿದ್ದರೆ, ಬರೆಯಬೇಕಾದ ಕಥೆ ಬೇರೆಯೇ ಇದೆ.