ಮನೆ ಬಿಟ್ಟು ಹೊರಗೆ ಹೋಗದ ಬೆಕ್ಕಿಗೆ ನೆಗಡಿ ಎಲ್ಲಿಂದ ಬಂತು?

ಕಳೆದ ತಿಂಗಳ ಸಭೆ ಮುಗಿದು ಕಾಫಿ ಕುಡಿಯುವಾಗ ಹೊಸೂರಿನ ನಮ್ಮ ಸದಸ್ಯೆಯೊಬ್ಬರು ಒಂದು ಪ್ರಶ್ನೆ ಕೇಳಿದರು. ಅವರ ಬೆಕ್ಕು ಚಿನ್ನಿಗೆ ಐದು ವರ್ಷ. ಬಾಲ್ಕನಿ ದಾಟಿ ಆಚೆ ಹೋದದ್ದಿಲ್ಲ, ಬೇರೆ ಬೆಕ್ಕಿನ ಮುಖ ನೋಡಿದ್ದಿಲ್ಲ. ಲಸಿಕೆಯೂ ಆಗಿದೆ. ಆದರೂ ಹೊಸ ಮನೆಗೆ ಬಂದ ಮೇಲೆ ಸೀನು ಶುರುವಾಯಿತು, ಬಲಗಣ್ಣು ಮುಚ್ಚಿಕೊಂಡಿತು. "ಹೊಸ ಮನೆಯ ಧೂಳೋ, ಬಣ್ಣದ ವಾಸನೆಯೋ, ಬಂದ ನೆಂಟರು ತಂದ ನೆಗಡಿಯೋ? ಇದು ಎಲ್ಲಿಂದ ಬಂತು?" ಎಂದು ಕೇಳಿದರು.

ಉತ್ತರ ಈ ಮೂರೂ ಅಲ್ಲ. ಬೆಕ್ಕು ಸಾಕಿದ ಬೇರೆ ಊರುಗಳ ಸದಸ್ಯರಿಗೂ ಇದು ಉಪಯೋಗವಾದೀತೆಂದು, ನಮ್ಮ ಬಳಗದ ಪಶುವೈದ್ಯರ ಜೊತೆ ಕೂತು ಇದನ್ನು ಬರೆದಿದ್ದೇವೆ. ಚಿನ್ನಿಯ ಮನೆಯವರ ಒಪ್ಪಿಗೆ ಪಡೆದೇ ಅದರ ಕಥೆ ಹೇಳುತ್ತಿದ್ದೇವೆ.

ಐದು ವರ್ಷ ಹಿಂದಿನ ಅತಿಥಿ

ಚಿನ್ನಿ ಈ ಮನೆಗೆ ಬಂದದ್ದು ಆರು ವಾರದ ಮರಿಯಾಗಿ, ರಸ್ತೆ ಬದಿಯಿಂದ. ಆಗ ಅದರ ಎರಡೂ ಕಣ್ಣು ಗೀಜು ಕಟ್ಟಿ ಅಂಟಿಕೊಂಡಿದ್ದವು, ಮೂಗು ಸುರಿಯುತ್ತಿತ್ತು. ಎರಡು ವಾರದ ಆರೈಕೆಯಲ್ಲಿ ಹುಷಾರಾಯಿತು, ಮನೆಯವರು ಅದನ್ನು ಮರೆತೂಬಿಟ್ಟರು. ವೈರಸ್ ಮಾತ್ರ ಎಲ್ಲಿಗೂ ಹೋಗಿರಲಿಲ್ಲ.

ಮರಿಗಳಲ್ಲಿ ಇಂಥ ನೆಗಡಿಗೆ ದೊಡ್ಡ ಕಾರಣ ಬೆಕ್ಕಿನ ಹರ್ಪಿಸ್ ವೈರಸ್. ಅದು ಮೊದಲು ಮೂಗು, ಗಂಟಲು ಮತ್ತು ಕಣ್ಣಿನ ಒಳಪದರದಲ್ಲಿ ಬೆಳೆಯುತ್ತದೆ. ಅಲ್ಲಿಂದ ನರದ ಎಳೆ ಹಿಡಿದು ಮೇಲಕ್ಕೆ ಹೋಗಿ, ತಲೆಬುರುಡೆಯ ಒಳಗೆ, ಮುಖದ ಸ್ಪರ್ಶಜ್ಞಾನ ನೋಡಿಕೊಳ್ಳುವ ಟ್ರೈಜೆಮಿನಲ್ ನರದ ಗಂಟಿನಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿ ಅದು ಬೆಳೆಯುವುದಿಲ್ಲ, ತನ್ನ ಪ್ರೊಟೀನುಗಳನ್ನು ಹೊರಗೆ ತೋರಿಸುವುದಿಲ್ಲ. ಹಾಗಾಗಿ ದೇಹದ ಕಾವಲಿಗೆ ಅದು ಕಾಣುವುದೇ ಇಲ್ಲ. ಒಮ್ಮೆ ಸೋಂಕು ತಗುಲಿದ ಬೆಕ್ಕುಗಳಲ್ಲಿ ಬಹುಪಾಲು ಹೀಗೆ ಜೀವನಪೂರ್ತಿ ವೈರಸ್ಸನ್ನು ಹೊತ್ತೇ ಇರುತ್ತವೆ.

ಇದು ನಮಗೆ ಹೊಸ ಸಂಗತಿಯೇನಲ್ಲ. ಚಿಕ್ಕಂದಿನಲ್ಲಿ ಅಮ್ಮ ಎದ್ದವರಿಗೆ, ಅಂದರೆ ಚಿಕನ್‌ಪಾಕ್ಸ್ ಆದವರಿಗೆ, ಐವತ್ತು ಅರವತ್ತು ದಾಟಿದ ಮೇಲೆ ಸೊಂಟದ ಒಂದು ಬದಿಗೆ ಸರ್ಪಸುತ್ತು ಬರುವುದನ್ನು ನೋಡಿದ್ದೇವೆ. ಆಗ ಅದು ಯಾರಿಂದಲೂ ಹೊಸದಾಗಿ ಅಂಟಿದ್ದಲ್ಲ; ನರದ ಗಂಟಿನಲ್ಲಿ ಮಲಗಿದ್ದ ಹಳೆಯ ವೈರಸ್ಸೇ ಎದ್ದದ್ದು. ಅದೂ ಹರ್ಪಿಸ್ ಮನೆತನದ್ದೇ. ಆದರೆ ಬೆಕ್ಕಿನದು ಬೆಕ್ಕಿನ ಜಾತಿಗೇ ಸೇರಿದ್ದು. ಅದು ಮನುಷ್ಯರಿಗಾಗಲಿ ನಾಯಿಗಾಗಲಿ ಅಂಟುವುದಿಲ್ಲ, ನಮ್ಮದು ಅದಕ್ಕೆ ಅಂಟುವುದಿಲ್ಲ. ನೆಂಟರ ನೆಗಡಿಯ ಮೇಲಿನ ಅನುಮಾನವನ್ನು ಇಲ್ಲಿಗೇ ಬಿಡಬಹುದು.

ಒಂದು ವಾರ ಹಿಂದಕ್ಕೆ ಎಣಿಸಿ

ಮಲಗಿದ್ದು ಎದ್ದದ್ದು ಏಕೆ ಎಂಬುದು ಮುಖ್ಯ. ಬೆಕ್ಕಿಗೆ ತನ್ನ ಜಾಗವೇ ಸರ್ವಸ್ವ. ವಾಸನೆಯ ಗುರುತುಗಳು ಅಳಿದರೆ, ಅಡಗುವ ಮೂಲೆ ಇಲ್ಲವಾದರೆ, ಅಪರಿಚಿತರು ತುಂಬಿಕೊಂಡರೆ ಅದರ ದೇಹ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಈ ಹಾರ್ಮೋನು ವೈರಸ್ಸನ್ನು ಅಂಕೆಯಲ್ಲಿಟ್ಟಿದ್ದ ಬಿಳಿರಕ್ತಕಣಗಳ ಬಿಗಿಯನ್ನು ಸಡಿಲಿಸುತ್ತದೆ. ಆಗ ವೈರಸ್ ಎದ್ದು, ಹತ್ತಿದ ನರದ ಎಳೆಯಲ್ಲೇ ಕೆಳಗಿಳಿದು, ಮತ್ತೆ ಮೂಗಿಗೂ ಕಣ್ಣಿಗೂ ಬರುತ್ತದೆ. ಸೀನು ಮತ್ತು ಕಣ್ಣಿನ ತೊಂದರೆ ಜೊತೆಜೊತೆಗೆ ಬರುವುದು ಇದರಿಂದಲೇ: ಎರಡಕ್ಕೂ ಹೋಗುವುದು ಒಂದೇ ನರ.

ಈ ಪಯಣಕ್ಕೆ ಸಮಯ ಹಿಡಿಯುತ್ತದೆ. ಒತ್ತಡವಾದ ದಿನದಿಂದ ವೈರಸ್ ಹೊರಬೀಳಲು 4ರಿಂದ 11 ದಿನ, ಸಾಮಾನ್ಯವಾಗಿ ಒಂದು ವಾರ ಬೇಕು. ಆಮೇಲೆ ಒಂದೆರಡು ವಾರದವರೆಗೂ ಅದು ಸೀನು ಮತ್ತು ಗೀಜಿನಲ್ಲಿ ಹೊರಬೀಳುತ್ತಿರಬಹುದು. ಈ ಅಂತರದಿಂದಾಗಿ ಮನೆಯವರಿಗೆ ಕಾರಣ ಕಾಣುವುದೇ ಇಲ್ಲ. ಸೀನು ಬಂದ ದಿನ ಏನಾಯಿತೆಂದು ಹುಡುಕುತ್ತೇವೆ. ಹುಡುಕಬೇಕಾದದ್ದು ಹಿಂದಿನ ವಾರದಲ್ಲಿ.

ಚಿನ್ನಿಯ ಲೆಕ್ಕ ನೋಡಿ. ಗೃಹಪ್ರವೇಶ ಒಂದು ಭಾನುವಾರ. ಹೋಮ, ಹೊಗೆ, ಅರವತ್ತು ಜನ, ಬೆಳಗಿನಿಂದ ಸಂಜೆಯವರೆಗೆ ಬಚ್ಚಲಲ್ಲಿ ಕೂಡಿಹಾಕಿದ ಬೆಕ್ಕು. ಮರುದಿನದಿಂದ ಒಂದು ವಾರ ಅದು ಚೆನ್ನಾಗಿಯೇ ಇತ್ತು, ಮಂಚದಡಿಯಿಂದ ಈಚೆ ಬರುತ್ತಿರಲಿಲ್ಲ ಅಷ್ಟೆ. ಮುಂದಿನ ಸೋಮವಾರ ಸೀನು, ಬಲಗಣ್ಣಲ್ಲಿ ನೀರು. ಅಂದರೆ ಎಂಟನೇ ದಿನ.

ಎಲ್ಲ ಬೆಕ್ಕಿಗೂ ಹೀಗೆ ಆಗುವುದಿಲ್ಲ. ವೈರಸ್ ಹೊತ್ತ ಬೆಕ್ಕುಗಳ ಜಾಗ ಬದಲಿಸಿ ನೋಡಿದ ಪ್ರಯೋಗದಲ್ಲಿ ಸುಮಾರು ಐದರಲ್ಲಿ ಒಂದು ವೈರಸ್ ಸುರಿಸಿತು. ಮರಿಗೆ ಹಾಲೂಡಿಸುವ ತಾಯಿಬೆಕ್ಕುಗಳಲ್ಲಿ ಐದರಲ್ಲಿ ಎರಡು. ಚಿನ್ನಿಗೂ ವೈರಸ್ ಬಹುಶಃ ಹೀಗೆಯೇ ತಾಯಿಯಿಂದ ಬಂದಿರಬೇಕು. ಎಲ್ಲಕ್ಕಿಂತ ಹೆಚ್ಚು, ಮೂರರಲ್ಲಿ ಎರಡರಷ್ಟು, ವೈರಸ್ ಸುರಿಸಿದ್ದು ಸ್ಟಿರಾಯ್ಡ್ ಔಷಧಿ ಕೊಟ್ಟ ಬೆಕ್ಕುಗಳು. ಚಿನ್ನಿಯ ಕಥೆ ಕೆಟ್ಟದ್ದೂ ಅಲ್ಲಿಯೇ.

ಅಜ್ಜನ ಕಣ್ಣಿನ ಹನಿ

ಮನೆಯಲ್ಲಿ ಅಜ್ಜನಿಗೆ ಪೊರೆಯ ಆಪರೇಷನ್ ಆಗಿತ್ತು. ಆಗಿನ ಡ್ರಾಪ್ಸ್ ಫ್ರಿಜ್ಜಿನಲ್ಲಿ ಅರ್ಧ ಉಳಿದಿತ್ತು. ಕಣ್ಣಿಗೇ ತಾನೆ ಎಂದು ಮಂಗಳವಾರ ಮತ್ತು ಬುಧವಾರ ಚಿನ್ನಿಗೆ ಹಾಕಿದರು. ಕೆಂಪು ಮೊದಲು ಕಡಿಮೆಯಾಯಿತು, ನೀರೂ ನಿಂತಿತು. ಶುಕ್ರವಾರ ಬೆಳಿಗ್ಗೆ ನೋಡಿದರೆ ಕಣ್ಣು ಪೂರ್ತಿ ಮುಚ್ಚಿತ್ತು. ರೆಪ್ಪೆ ಬಿಡಿಸಿದರೆ ಗುಡ್ಡೆಯ ಮೇಲೆ ಹಾಲಿನಂಥ ಮಸುಕು.

ಪೊರೆಯ ಆಪರೇಷನ್ ನಂತರ ಕೊಡುವ ಹನಿಯಲ್ಲಿ ಸಾಮಾನ್ಯವಾಗಿ ಸ್ಟಿರಾಯ್ಡ್ ಇರುತ್ತದೆ. ಸ್ಟಿರಾಯ್ಡ್ ಎಂದರೆ ಕಾರ್ಟಿಸಾಲಿನ ಒಡಹುಟ್ಟೇ. ಗೃಹಪ್ರವೇಶದ ಗಲಾಟೆ ಒಳಗಿನಿಂದ ಮಾಡಿದ ಕೆಲಸವನ್ನು ಆ ಹನಿ ನೇರವಾಗಿ ಕಣ್ಣಿನ ಮೇಲೆ ಮಾಡಿತು. ಕೆಂಪು ಇಳಿದದ್ದು ಗುಣವಾಗಿ ಅಲ್ಲ, ಕಾವಲು ಹಿಂದೆ ಸರಿದದ್ದರಿಂದ.

ಪಶುವೈದ್ಯರು ಕಣ್ಣಿಗೆ ಫ್ಲೋರೆಸಿನ್ ಎಂಬ ಬಣ್ಣ ಬಿಟ್ಟು ನೀಲಿ ಬೆಳಕಿನಲ್ಲಿ ನೋಡಿದರು. ಕಾರ್ನಿಯಾ, ಅಂದರೆ ಗುಡ್ಡೆಯ ಮುಂದಿನ ಗಾಜಿನಂಥ ಪದರ, ಸರಿಯಿದ್ದರೆ ಬಣ್ಣ ಜಾರಿಹೋಗುತ್ತದೆ. ಹುಣ್ಣಿದ್ದಲ್ಲಿ ಹಸಿರಾಗಿ ನಿಲ್ಲುತ್ತದೆ. ಚಿನ್ನಿಯ ಕಣ್ಣಲ್ಲಿ ಅದು ಒಣಗಿದ ಮರದ ಕೊಂಬೆಯಂತೆ ಕವಲೊಡೆದು ನಿಂತಿತು. ಕವಲೊಡೆದ ಹುಣ್ಣು ಈ ವೈರಸ್ಸಿನ ಸಹಿಯಿದ್ದಂತೆ. ಪರೀಕ್ಷೆಗೆ ಕಳಿಸಬೇಕೇ ಎಂದು ಮನೆಯವರು ಕೇಳಿದಾಗ ಬೇಡ ಎಂದರು. ಪಿಸಿಆರ್ ಪರೀಕ್ಷೆಯಲ್ಲಿ ಆರೋಗ್ಯವಂತ ಬೆಕ್ಕಿಗೂ ವೈರಸ್ ಇದೆ ಎಂದು ಬರಬಹುದು, ರೋಗವಿದ್ದರೂ ಇಲ್ಲ ಎಂದು ಬರಬಹುದು.

ಅಜ್ಜನ ಹನಿ ನಿಂತಿತು. ವೈರಸ್ಸಿಗೆ ಫ್ಯಾಮ್‌ಸಿಕ್ಲೋವಿರ್ ಮಾತ್ರೆ, ತೂಕ ನೋಡಿ ಕತ್ತರಿಸಿದ ಅಳತೆಯಲ್ಲಿ. ಹುಣ್ಣಿಗೆ ಬ್ಯಾಕ್ಟೀರಿಯಾ ಸೇರದಂತೆ ಬೇರೆ ಹನಿ. ಕೆರೆದುಕೊಳ್ಳದಂತೆ ಕುತ್ತಿಗೆಗೆ ಕೊಳವೆಪಟ್ಟಿ. ಮೂರನೇ ವಾರ ಬಣ್ಣ ಬಿಟ್ಟಾಗ ಹಸಿರು ನಿಲ್ಲಲಿಲ್ಲ. ಈಗ ಕಣ್ಣು ಕಾಣುತ್ತದೆ, ಆದರೆ ತೆಳು ಮಸುಕೊಂದು ಉಳಿದಿದೆ. ಆ ಹನಿ ಹಾಕದೆ ಇದ್ದಿದ್ದರೆ ಬಹುಶಃ ಅದೂ ಉಳಿಯುತ್ತಿರಲಿಲ್ಲ.

ಹಾಗಾಗಿ ಮನೆಯಲ್ಲಿ ಉಳಿದ ಕಣ್ಣಿನ ಹನಿಯ ಡಬ್ಬಿ ಈಗಲೇ ತೆಗೆದು ಓದಿ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್, ಲೋಟೆಪ್ರೆಡ್ನಾಲ್ ಎಂಬ ಹೆಸರಿದ್ದರೆ ಅದು ಸ್ಟಿರಾಯ್ಡ್. ಮನುಷ್ಯರ ಹರ್ಪಿಸ್ ಮಾತ್ರೆಗಳನ್ನೂ ನೀವಾಗಿ ಕೊಡಬೇಡಿ. ಅಸೈಕ್ಲೋವಿರ್ ಈ ವೈರಸ್ಸಿಗೆ ಸರಿಯಾಗಿ ತಾಗುವುದಿಲ್ಲ. ವಾಲಸೈಕ್ಲೋವಿರ್ ಬೆಕ್ಕನ್ನು ಕೊಲ್ಲಬಹುದು. ಜ್ವರವೆಂದು ಕೊಡುವ ಪ್ಯಾರಾಸಿಟಮಾಲ್ ಕೂಡ ಅಷ್ಟೇ.

ಮನೆಯಲ್ಲಿ ಮಾಡುವುದೇನು

ಬರೀ ಸೀನು, ತಿಳಿಯಾದ ನೀರು, ಕಣ್ಣು ಪೂರ್ತಿ ತೆರೆದಿದೆ, ಊಟ ಮಾಡುತ್ತಿದೆ ಎಂದಾದರೆ ಒಂದೆರಡು ದಿನ ಕಾಯಬಹುದು. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಕಣ್ಣೊರೆಸಿ, ಒಂದೊಂದು ಕಣ್ಣಿಗೆ ಬೇರೆ ಹತ್ತಿ. ಮೂಗು ಕಟ್ಟಿದ ಬೆಕ್ಕು ವಾಸನೆ ಸಿಗದೆ ಊಟ ಬಿಡುತ್ತದೆ. ಮೀನನ್ನು ಬೆಚ್ಚಗೆ ಮಾಡಿ ಇಟ್ಟರೆ ಎದ್ದು ಬರುವುದುಂಟು. ಬಿಸಿನೀರು ತುಂಬಿದ ಬಚ್ಚಲಲ್ಲಿ ಹತ್ತು ನಿಮಿಷ ಜೊತೆಗೆ ಕೂತರೆ ಮೂಗು ಸಡಿಲವಾಗುತ್ತದೆ. ಆ ನೀರಿಗೆ ನೀಲಗಿರಿ ಎಣ್ಣೆ, ಕರ್ಪೂರ ಹಾಕಬೇಡಿ. ಬೆಕ್ಕಿಗೆ ಅವು ವಿಷ. ಲೈಸಿನ್ ಪುಡಿಯನ್ನು ಹಿಂದೆ ವೈದ್ಯರೇ ಹೇಳುತ್ತಿದ್ದರು. ಪ್ರಯೋಜನವಿಲ್ಲವೆಂದು ಈಗ ಗೊತ್ತಾಗಿದೆ.

ಕಣ್ಣು ಕಿರಿದು ಮಾಡಿದರೆ, ಗುಡ್ಡೆ ಮಸುಕಾದರೆ, ಅದರ ಮೇಲೆ ಕಂದು ಅಥವಾ ಕಪ್ಪು ಮಚ್ಚೆ ಬಂದರೆ, ಒಂದು ದಿನ ಪೂರ್ತಿ ಊಟ ಬಿಟ್ಟರೆ ಅಂದೇ ವೈದ್ಯರ ಬಳಿ ಹೋಗಿ. ಬಾಯಲ್ಲಿ ಹುಣ್ಣಿದ್ದರೆ ಅದು ಕ್ಯಾಲಿಸಿ ಎಂಬ ಬೇರೆ ವೈರಸ್ ಆಗಿರಬಹುದು. ಒಂದೇ ಹೊಳ್ಳೆಯಿಂದ ವಾರಗಟ್ಟಲೆ ಸುರಿದರೆ ಒಳಗೆ ಹುಲ್ಲುಕಡ್ಡಿಯೋ, ಕೊಳೆತ ಹಲ್ಲೋ, ಗಡ್ಡೆಯೋ ಇರಬಹುದು. ಎಲ್ಲ ಸೀನೂ ಹರ್ಪಿಸ್ ಅಲ್ಲ.

ಲಸಿಕೆ ವ್ಯರ್ಥವಾಯಿತೇ ಎಂದು ಚಿನ್ನಿಯ ಮನೆಯವರು ಕೇಳಿದರು. ಇಲ್ಲ. ಲಸಿಕೆ ರೋಗದ ಜೋರನ್ನು ತಗ್ಗಿಸುತ್ತದೆ. ಆದರೆ ಸೋಂಕು ತಗುಲುವುದನ್ನು ಪೂರ್ತಿ ತಡೆಯುವುದಿಲ್ಲ, ನರದಲ್ಲಿ ಆಗಲೇ ಮಲಗಿರುವುದನ್ನು ಹೊರಗೂ ಹಾಕುವುದಿಲ್ಲ. ಲಸಿಕೆ ಹಾಕುವ ಮೊದಲೇ ಚಿನ್ನಿಗೆ ಅದು ತಗುಲಿಯಾಗಿತ್ತು.

ನಮ್ಮ ಕೈಲಿರುವುದು ಒತ್ತಡದ ದಿನ. ಮದುವೆ, ಗೃಹಪ್ರವೇಶ, ಊರಿಗೆ ಹೋಗುವುದು ಎಲ್ಲವೂ ಮೊದಲೇ ಗೊತ್ತಿರುತ್ತದೆ. ಒಂದು ಕೋಣೆಯನ್ನು ಬೆಕ್ಕಿಗೇ ಬಿಡಿ. ಅದರ ಹಳೆಯ ಹೊದಿಕೆಯನ್ನು ಒಗೆಯದೆ ಇಡಿ, ಅಡಗಲು ಬಾಯಿತೆರೆದ ರಟ್ಟಿನ ಪೆಟ್ಟಿಗೆ, ನೀರು, ಮಣ್ಣಿನ ಟ್ರೇ ಇರಲಿ. ಜನ ಹೋಗುವವರೆಗೆ ಬಾಗಿಲು ತೆರೆಯಬೇಡಿ. ಆಮೇಲೂ ಸುಮಾರು ಮೂರು ವಾರ ಹೊಸ ಮರಿಯನ್ನು ಮನೆಗೆ ತರಬೇಡಿ. ಹಳೆಯ ಬೆಕ್ಕು ಆಗ ವೈರಸ್ ಸುರಿಸುತ್ತಿದ್ದರೆ ಮೊದಲು ಬೀಳುವುದು ಆ ಮರಿ.

ಚಿನ್ನಿಯ ಮನೆಯಲ್ಲಿ ಮುಂದಿನ ತಿಂಗಳು ಮಗಳ ನಿಶ್ಚಿತಾರ್ಥ. ಮಹಡಿಯ ಕೋಣೆಯನ್ನು ಬೆಕ್ಕಿಗೆ ಮೀಸಲಿಟ್ಟಿದ್ದಾರೆ. ಕ್ಯಾಲೆಂಡರಿನಲ್ಲಿ ನಿಶ್ಚಿತಾರ್ಥದ ದಿನದ ಜೊತೆಗೆ, ಅದರ ಮುಂದಿನ ವಾರವನ್ನೂ ಪೆನ್ಸಿಲ್ಲಿನಲ್ಲಿ ಸುತ್ತಿ ಇಟ್ಟಿದ್ದಾರಂತೆ.