ನೃತ್ಯಚಿತ್ರಕ್ಕೆ ಅಡಿಬರಹ

ಮುದ್ರಿತವಾದ ಛಾಯಾಚಿತ್ರದ ಕೆಳಗೆ ಬರೆಯುವ ಒಂದೆರಡು ಸಾಲುಗಳಿಗೆ ಅಡಿಬರಹವೆಂದು ಹೆಸರು. ಸಭೆಯ ಚಿತ್ರವಾದರೆ ಕುಳಿತವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆದರೆ ಸಾಕು. ಶಾಸ್ತ್ರೀಯ ನೃತ್ಯದ ಚಿತ್ರಕ್ಕೆ ಅಷ್ಟು ಸಾಲದು. ನೃತ್ಯದಲ್ಲಿ ಹಾಡು, ತಾಳ, ಚಲನೆಗಳು ಕೂಡಿ ಅರ್ಥವನ್ನು ಮೂಡಿಸುತ್ತವೆ. ಚಿತ್ರದಲ್ಲಿ ಉಳಿಯುವುದು ಒಂದು ನಿಲುವು ಮಾತ್ರ. ಆ ಕ್ಷಣದಲ್ಲಿ ನರ್ತಕಿಯು ಯಾರಾಗಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂಬುದನ್ನು ತಿಳಿಸುವುದೇ ಅಡಿಬರಹದ ಕೆಲಸ.

ಒಂದು ಉದಾಹರಣೆಯನ್ನು ನೋಡೋಣ. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಎಂಬ ದೇವರನಾಮವು ಕನ್ನಡದ್ದು. ಇದನ್ನು ಅಭಿನಯಿಸಿ ಜಗತ್ತಿಗೆ ಪರಿಚಯಿಸಿದವರಲ್ಲಿ ಮದರಾಸಿನ ಟಿ. ಬಾಲಸರಸ್ವತಿಯವರು (1918–1984) ಪ್ರಮುಖರು. ಸತ್ಯಜಿತ್ ರಾಯರು 1976ರಲ್ಲಿ ತೆಗೆದ ‘ಬಾಲಾ’ ಎಂಬ ಚಿತ್ರದಲ್ಲಿ ಅವರು ಸಮುದ್ರತೀರದಲ್ಲಿ ಈ ಹಾಡನ್ನು ಅಭಿನಯಿಸಿರುವರು.

ಈ ಹಾಡಿನ ಅಭಿನಯದಲ್ಲಿ ಕಲಾವಿದೆಯು ಕೈಚಾಚಿ ಕರೆಯುತ್ತಿರುವ ಒಂದು ಚಿತ್ರ ನಮ್ಮ ಕೈಗೆ ಬಂದಿದೆಯೆಂದು ಭಾವಿಸಿರಿ. ಹಾಡಿನ ಹೆಸರನ್ನಷ್ಟೇ ಕೇಳಿದವನು ‘ಕೃಷ್ಣನ ವೇಷದಲ್ಲಿ ನರ್ತಕಿ’ ಎಂದು ಬರೆದುಬಿಟ್ಟಾನು. ಅದು ತಪ್ಪು. ಇಲ್ಲಿ ವೇಷ ಬದಲಾಗುವುದಿಲ್ಲ. ಅದೇ ಸೀರೆ, ಅದೇ ಒಡವೆಗಳಲ್ಲಿ ಒಬ್ಬಳೇ ನರ್ತಕಿಯು ತಾಯಿಯೂ ಆಗುವಳು, ಮಗುವೂ ಆಗುವಳು. ಕರೆಯುವ ಕೈ ಯಶೋದೆಯದು. ಬಾಯ್ದೆರೆದು ಜಗತ್ತನ್ನು ತೋರುವ ನಿಲುವಾದರೆ ಅದು ಕೃಷ್ಣನದು. ಆದುದರಿಂದ ಚಿತ್ರವನ್ನು ಹಾಡಿನ ಯಾವ ಸಾಲಿನಲ್ಲಿ ತೆಗೆದರೆಂಬುದನ್ನು ನರ್ತಕಿಯನ್ನಾಗಲಿ ಅವಳ ಗುರುವನ್ನಾಗಲಿ ಕೇಳಿಯೇ ಬರೆಯಬೇಕು.

ಮತ್ತೊಬ್ಬನು ‘ನಯನಮನೋಹರ ಭಂಗಿ’ ಎಂದು ಬರೆಯುವನು. ಈ ಮಾತನ್ನು ಬೇರೊಂದು ನೃತ್ಯಚಿತ್ರದ ಕೆಳಗಿಟ್ಟರೂ ಹೊಂದುತ್ತದೆ. ಹೊಂದಿತೆಂದರೆ ಅದರಿಂದ ಏನೂ ತಿಳಿಯಲಿಲ್ಲವೆಂದೇ ಅರ್ಥ. ಮೂರನೆಯವನು ಶಾಸ್ತ್ರದ ಶಬ್ದಗಳನ್ನು ಪೇರಿಸುವನು. ಕೊಳಲು ಹಿಡಿದ ಕೃಷ್ಣನನ್ನು ತೋರುವ ‘ಮೃಗಶೀರ್ಷ ಹಸ್ತ’ವೆಂದರೆ ಗಡಹಿಂಗ್ಲಜದ ಓದುಗನಿಗೆ ಏನು ತಿಳಿದೀತು? ಹೆಬ್ಬೆರಳು ಕಿರುಬೆರಳುಗಳನ್ನು ನೀಡಿ, ನಡುವಿನ ಮೂರು ಬೆರಳುಗಳನ್ನು ಮುಂದಕ್ಕೆ ಬಾಗಿಸಿದ ಕೈ ಎಂದರೆ ಮಕ್ಕಳೂ ಮಾಡಿ ನೋಡಿಯಾರು. ಶಾಸ್ತ್ರದ ಹೆಸರು ಒಂದಿರಲಿ. ಅದರ ಬಗಲಲ್ಲಿ ಅರ್ಥವೂ ಇರಲಿ.

ಹಾಗಾದರೆ ನಮ್ಮ ಚಿತ್ರಕ್ಕೆ ಹೀಗೆ ಬರೆಯಬಹುದು: ‘ಬೇಗನೆ ಬಾ ಎಂದು ಬಾಲಕೃಷ್ಣನನ್ನು ಕರೆಯುತ್ತಿರುವ ಯಶೋದೆಯಾಗಿ ಟಿ. ಬಾಲಸರಸ್ವತಿ. ಭರತನಾಟ್ಯ, ವ್ಯಾಸರಾಯರ ದೇವರನಾಮದ ಅಭಿನಯ.’ ಮೊದಲು ಕಣ್ಣಿಗೆ ಕಾಣುವ ಕ್ರಿಯೆ, ಆಮೇಲೆ ಪಾತ್ರ, ನರ್ತಕಿಯ ಹೆಸರು, ಕೊನೆಗೆ ನೃತ್ಯಪ್ರಕಾರ ಮತ್ತು ಹಾಡು. ಸ್ಥಳ, ದಿನಾಂಕ, ಹಾಡಿದವರ ಹೆಸರು ತಿಳಿದಿದ್ದರೆ ಸೇರಿಸಬೇಕು.

ಕೇಳಲು ಯಾರೂ ಸಿಕ್ಕದಿದ್ದರೆ ಪಾತ್ರವನ್ನು ಊಹಿಸಿ ಬರೆಯಬಾರದು. ನರ್ತಕಿಯ ಹೆಸರನ್ನೂ ನೃತ್ಯಪ್ರಕಾರವನ್ನೂ ಬರೆದು ನಿಲ್ಲಿಸುವುದೇ ಲೇಸು. ಯಶೋದೆಯನ್ನು ಕೃಷ್ಣನೆಂದು ಅಚ್ಚು ಹಾಕಿದರೆ, ಅಷ್ಟು ಹೊತ್ತು ತಾಯಿಯಾಗಿ ನಿಂತ ಆ ಕಲಾವಿದೆಯ ಶ್ರಮವು ಓದುಗನಿಗೆ ಕಾಣದೆಯೇ ಹೋಗುವುದು.